ಪ್ರೊಲ್ಯಾಕ್ಟಿನ್ ಮತ್ತು ಬೆಳಗಿನ ಗ್ಯಾಸ್ ಮಾತ್ರೆ

"ಡಾಕ್ಟರೇ, ಮೂರು ತಿಂಗಳಿಂದ ಮುಟ್ಟಾಗಿಲ್ಲ. ಎದೆಯಿಂದ ಹಾಲಿನ ಹಾಗೆ ಬರ್ತಿದೆ. ನಾನು ಗರ್ಭಿಣಿಯೂ ಅಲ್ಲ, ಬಾಣಂತಿಯೂ ಅಲ್ಲ. ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಜಾಸ್ತಿ ಅಂತ ರಿಪೋರ್ಟ್ ಬಂದಿದೆ. ಅದನ್ನು ಇಳಿಸುವ ಕ್ಯಾಬರ್ಗೋಲಿನ್ ಮಾತ್ರೆ ಶುರು ಮಾಡಲಾ?"

ಸ್ವಲ್ಪ ತಡೆಯಿರಿ. ಈಗ ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ಮೊದಲು ನೋಡೋಣ. ಬಾಯಲ್ಲಿ ಹೇಳಿದರೆ ಸಾಲದು, ಮನೆಯಲ್ಲಿರುವ ಮಾತ್ರೆ ಶೀಟುಗಳನ್ನೆಲ್ಲ ತಂದು ತೋರಿಸಿ.

ಹೀಗೆ ಕೇಳುವುದಕ್ಕೆ ಕಾರಣ ಇದೆ. ಕಳೆದ ವರ್ಷ 29 ವರ್ಷದ ಒಬ್ಬ ಶಿಕ್ಷಕಿ ಬಂದಿದ್ದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಅವರ ಪ್ರೊಲ್ಯಾಕ್ಟಿನ್ 138 ಇತ್ತು. ಒಂದು ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂ ಒಳಗಿರಬೇಕು. "ಯಾವ ಮಾತ್ರೆಯೂ ಇಲ್ಲ ಮೇಡಂ" ಅಂದರು. ಪಕ್ಕದಲ್ಲಿದ್ದ ಅವರ ತಾಯಿ, "ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ತಗೋತೀಯಲ್ಲೇ" ಅಂದರು. ಗ್ಯಾಸ್ ಮಾತ್ರೆಯನ್ನು ನಮ್ಮಲ್ಲಿ ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮರುದಿನ ಶೀಟು ತಂದರು. ರಾಬೆಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್. ಎರಡು ವಾರಕ್ಕೆ ಅಂತ ಯಾರೋ ಬರೆದುಕೊಟ್ಟಿದ್ದು. ಆರಾಮ ಅನಿಸಿತು, ಮೆಡಿಕಲ್ ಶಾಪಿನಲ್ಲಿ ಅದೇ ಶೀಟು ತೋರಿಸಿ ಎಂಟು ತಿಂಗಳು ನುಂಗಿದ್ದರು.

ಹೊಟ್ಟೆಯ ಮಾತ್ರೆಗೂ ಎದೆಹಾಲಿಗೂ ಏನು ಸಂಬಂಧ ಅನಿಸಬಹುದು. ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಪ್ರೊಲ್ಯಾಕ್ಟಿನ್ ಹುಟ್ಟುವುದು ಅಲ್ಲೇ. ಸುಮ್ನೆ ಬಿಟ್ಟರೆ ಅದು ಪ್ರೊಲ್ಯಾಕ್ಟಿನ್ ಸುರಿಸುತ್ತಲೇ ಇರುತ್ತದೆ. ಹಾಗಾಗದಂತೆ ಮೆದುಳು ಡೋಪಮಿನ್ ಅನ್ನುವ ರಾಸಾಯನಿಕ ಕಳಿಸಿ ಹಗಲೂ ರಾತ್ರಿ ತಡೆದು ಹಿಡಿದಿರುತ್ತದೆ. ಲೆವೊಸಲ್ಪಿರೈಡ್, ಡೊಂಪೆರಿಡೋನ್ ತರಹದ ಮಾತ್ರೆಗಳು ಹೊಟ್ಟೆಯಲ್ಲಿರುವುದನ್ನು ಬೇಗ ಮುಂದಕ್ಕೆ ತಳ್ಳುವುದು ಇದೇ ಡೋಪಮಿನ್‌ಗೆ ಅಡ್ಡ ನಿಂತು. ಆ ಅಡ್ಡಿ ಪಿಟ್ಯುಟರಿಗೂ ತಟ್ಟುತ್ತದೆ. ಹಿಡಿತ ತಪ್ಪುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಆಗ ದೇಹ ಬಾಣಂತಿಯ ಹಾಗೆ ನಡೆದುಕೊಳ್ಳುತ್ತದೆ. ಎದೆಯಲ್ಲಿ ಹಾಲು ಬರುತ್ತದೆ. ಅಂಡಾಶಯಕ್ಕೆ ಮೆದುಳಿನಿಂದ ಹೋಗುವ ಸೂಚನೆ ಕುಗ್ಗುತ್ತದೆ, ಅಂಡ ಬಲಿಯುವುದಿಲ್ಲ, ಮುಟ್ಟು ಹಿಂದೆ ಬೀಳುತ್ತದೆ ಅಥವಾ ನಿಂತೇ ಹೋಗುತ್ತದೆ.

ಕ್ಯಾಬರ್ಗೋಲಿನ್ ಮಾಡುವುದು ಡೋಪಮಿನ್‌ನ ಕೆಲಸ. ಲೆವೊಸಲ್ಪಿರೈಡ್ ಅದೇ ಕೆಲಸಕ್ಕೆ ತಡೆ. ಬೆಳಿಗ್ಗೆ ಒಂದು, ರಾತ್ರಿ ಇನ್ನೊಂದು ಕೊಟ್ಟರೆ ಎರಡೂ ಒಂದೇ ಜಾಗದಲ್ಲಿ ಗುದ್ದಾಡುತ್ತವೆ ಅಷ್ಟೇ. ಅಂಥ ಚೀಟಿಗಳನ್ನು ನಾನು ನೋಡುತ್ತಲೇ ಇರುತ್ತೇನೆ. ಬಹಳ ಬೇಜಾರಾಗುತ್ತದೆ.

ಆ ಶಿಕ್ಷಕಿಗೆ ಮೊದಲು ಮೂತ್ರದಲ್ಲಿ ಗರ್ಭದ ಪರೀಕ್ಷೆ ಮಾಡಿಸಿದೆ. ಎಷ್ಟೇ ಖಾತ್ರಿ ಇದ್ದರೂ ಇದನ್ನು ಬಿಡಬಾರದು. ಥೈರಾಯ್ಡ್ ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ, ಆಗ ಥೈರಾಯ್ಡ್ ಮಾತ್ರೆಯಿಂದಲೇ ಇಳಿಯುತ್ತದೆ. ಕಿಡ್ನಿ ಸೋತಾಗಲೂ ಹೀಗಾಗಬಹುದು. ಅವರಿಗೆ ಎರಡೂ ಸರಿಯಿದ್ದವು. ಗ್ಯಾಸ್ ಮಾತ್ರೆ ನಿಲ್ಲಿಸಿ, ಅಸಿಡಿಟಿಗೆ ಬರೀ ರಾಬೆಪ್ರಜೋಲ್ ಕೊಟ್ಟೆ. ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಿಸ್ಪೆರಿಡೋನ್, ಅಮಿಸಲ್ಪಿರೈಡ್ ತರಹದ ಮನೋರೋಗದ ಮಾತ್ರೆಗಳಿಂದಲೂ ಪ್ರೊಲ್ಯಾಕ್ಟಿನ್ ಏರುತ್ತದೆ. ಅವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ ಮಾತಾಡಿ.

ರಕ್ತ ಕೊಡುವ ರೀತಿಯೂ ಮುಖ್ಯ. ನಿದ್ದೆಯಲ್ಲಿ ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತದೆ. ಸೂಜಿಯ ಹೆದರಿಕೆಗೂ ಏರುತ್ತದೆ. ಎದ್ದು ಎರಡು ಮೂರು ಗಂಟೆಯಾದ ಮೇಲೆ ಹೋಗಿ, ಇಪ್ಪತ್ತು ನಿಮಿಷ ಆರಾಮಾಗಿ ಕೂತು ಆಮೇಲೆ ಕೊಡಿ. ಇನ್ನೊಂದು, ಹಾಲು ಬರುತ್ತಿದೆಯಾ ಅಂತ ದಿನಾ ಮೊಲೆ ಹಿಂಡಿ ನೋಡಬೇಡಿ. ಹಿಂಡಿದಷ್ಟೂ ಬರುತ್ತದೆ. ಒಂದೇ ಕಡೆಯಿಂದ ತಾನಾಗಿಯೇ ಬರುತ್ತಿದ್ದರೆ, ಅಥವಾ ರಕ್ತದ ಬಣ್ಣ ಇದ್ದರೆ, ಆ ಮಾತೇ ಬೇರೆ. ಆಗ ತಡಮಾಡದೆ ಸ್ತನ ಪರೀಕ್ಷೆ ಮಾಡಿಸಬೇಕು.

ಇನ್ನು ಕೆಲವರಿಗೆ ರಿಪೋರ್ಟಿನಲ್ಲಿ ಅಂಕಿ ಜಾಸ್ತಿ ಇರುತ್ತದೆ, ಆದರೆ ಮುಟ್ಟು ಸರಿಯಾಗಿರುತ್ತದೆ, ಹಾಲೂ ಇಲ್ಲ. ಅವರ ರಕ್ತದಲ್ಲಿ ಮ್ಯಾಕ್ರೋಪ್ರೊಲ್ಯಾಕ್ಟಿನ್ ಇದೆಯಾ ಅಂತ ಲ್ಯಾಬಿನಲ್ಲಿ ನೋಡಿಸಬೇಕು. ಇದು ಪ್ರೊಲ್ಯಾಕ್ಟಿನ್ ಬೇರೆ ಪ್ರೊಟೀನಿಗೆ ಅಂಟಿಕೊಂಡು ದಪ್ಪಗಾದ ರೂಪ. ಯಂತ್ರ ಅದನ್ನೂ ಎಣಿಸುತ್ತದೆ, ದೇಹಕ್ಕೆ ಮಾತ್ರ ಅದರಿಂದ ಹೆಚ್ಚು ತೊಂದರೆ ಇಲ್ಲ. ಅದಷ್ಟೇ ಆಗಿದ್ದರೆ ಮಾತ್ರೆ ಬೇಡ.

ಗ್ಯಾಸ್ ಮಾತ್ರೆಯೊಂದೇ ಕಾರಣವಾಗಿದ್ದರೆ ಅದನ್ನು ಬಿಟ್ಟರೆ ಪ್ರೊಲ್ಯಾಕ್ಟಿನ್ ಸರಿಹೋಗುತ್ತದೆ. ಶಿಕ್ಷಕಿಯ ವಿಷಯದಲ್ಲಿ ನಾನೂ ಅದನ್ನೇ ಕಾಯುತ್ತಿದ್ದೆ. 138 ಇದ್ದದ್ದು 71ಕ್ಕೆ ಇಳಿಯಿತು, ಆದರೆ ಸರಿಯಾಗಲಿಲ್ಲ. ಅಂದರೆ ಮಾತ್ರೆಯದ್ದು ಅರ್ಧ ಪಾಲು, ಉಳಿದದ್ದಕ್ಕೆ ಬೇರೆ ಕಾರಣ ಇದೆ ಅಂತಾಯಿತಲ್ವಾ? ಪಿಟ್ಯುಟರಿಯ ಎಂಆರ್‌ಐ ಮಾಡಿಸಿದೆವು. ಪ್ರೊಲ್ಯಾಕ್ಟಿನ್ ಸುರಿಸುವ 6 ಮಿಲಿಮೀಟರಿನ ಪುಟ್ಟ ಗಡ್ಡೆ ಇತ್ತು.

ಗಡ್ಡೆ ಅಂದ ತಕ್ಷಣ ಅವರ ತಾಯಿ ಅಳಲು ಶುರು ಮಾಡಿದರು. ಕೂರಿಸಿಕೊಂಡು ಹೇಳಿದೆ. ಇದು ಕ್ಯಾನ್ಸರ್ ಅಲ್ಲ. 10 ಮಿಲಿಮೀಟರಿಗಿಂತ ಚಿಕ್ಕವು ದೊಡ್ಡದಾಗುವುದು ಅಪರೂಪ. ದೊಡ್ಡದಿದ್ದರೆ ಮೇಲೆ ಹಾದುಹೋಗುವ ಕಣ್ಣಿನ ನರವನ್ನು ಒತ್ತಬಹುದು, ಆಗ ದೃಷ್ಟಿ ಪರೀಕ್ಷೆಯೂ ಬೇಕು. ದೊಡ್ಡ ಗಡ್ಡೆಗೂ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಮಾತ್ರೆಯೇ, ಆಪರೇಷನ್ ಆಮೇಲಿನ ಮಾತು.

ಕ್ಯಾಬರ್ಗೋಲಿನ್ ಶುರು ಮಾಡಿದ್ದು ಆಗ. 0.25 ಮಿಲಿಗ್ರಾಂ, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ರಾತ್ರಿ ಊಟ ಮಾಡಿ ಮಲಗುವ ಮುಂಚೆ. ಖಾಲಿ ಹೊಟ್ಟೆಗೆ ತಗೊಂಡರೆ ವಾಕರಿಕೆ ಜಾಸ್ತಿ. ಮೊದಲ ದಿನಗಳಲ್ಲಿ ಹಾಸಿಗೆಯಿಂದ ದಡಕ್ಕನೆ ಎದ್ದರೆ ತಲೆ ಸುತ್ತಬಹುದು. ಬ್ರೊಮೊಕ್ರಿಪ್ಟಿನ್ ಹಳೆಯ ಮಾತ್ರೆ, ಅದನ್ನು ದಿನಾ ತಗೋಬೇಕು, ವಾಕರಿಕೆಯೂ ಹೆಚ್ಚು. ಕ್ಯಾಬರ್ಗೋಲಿನ್‌ನಿಂದ ಹೃದಯದ ಕವಾಟ ಹಾಳಾಗುತ್ತದೆ ಅಂತ ಓದಿ ಕೆಲವರು ಹೆದರುತ್ತಾರೆ. ಆ ತೊಂದರೆ ಕಂಡದ್ದು ಪಾರ್ಕಿನ್ಸನ್ ಕಾಯಿಲೆಗೆ ದಿನಕ್ಕೆ ಮೂರು ಮಿಲಿಗ್ರಾಂ ಆಸುಪಾಸು ತಗೊಳ್ಳುತ್ತಿದ್ದವರಲ್ಲಿ. ಇವರದ್ದು ವಾರಕ್ಕೆ ಅರ್ಧ ಮಿಲಿಗ್ರಾಂ. ನಾನು ಮನೆಯವರಿಗೂ ಹೇಳಿ ಕಳಿಸುವುದು ಬೇರೆ ವಿಷಯ. ಅಪರೂಪಕ್ಕೆ ಕೆಲವರಿಗೆ ಸ್ವಭಾವ ಬದಲಾಗುತ್ತದೆ. ಕಂಡದ್ದೆಲ್ಲ ಕೊಳ್ಳುವುದು, ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವುದು, ತಡೆಯಲಾಗದ ಸಿಟ್ಟು. ಇದು ಮಾತ್ರೆಯಿಂದ ಅಂತ ತಗೊಳ್ಳುವವರಿಗೇ ಗೊತ್ತಾಗುವುದಿಲ್ಲ. ಕಂಡರೆ ಮುಚ್ಚಿಡದೆ ಹೇಳಿ.

ಒಂದು ತಿಂಗಳಿಗೆ ಅವರ ಪ್ರೊಲ್ಯಾಕ್ಟಿನ್ 22 ಆಯಿತು. ಏಳನೇ ವಾರದಲ್ಲಿ ಮುಟ್ಟಾದರು. ಹಾಲು ಪೂರ್ತಿ ನಿಲ್ಲಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಮುಟ್ಟು ಬರುವ ಮುಂಚೆಯೇ ಅಂಡ ಬಿಡುಗಡೆಯಾಗಿರುತ್ತದೆ. ಇನ್ನೂ ಮುಟ್ಟಾಗಿಲ್ಲ ಅಂತ ಧೈರ್ಯವಾಗಿದ್ದರೆ ಬಸಿರಾಗಬಹುದು. ಈಗಲೇ ಮಗು ಬೇಡ ಅನ್ನುವವರು ಮಾತ್ರೆ ಶುರುವಾದ ದಿನದಿಂದಲೇ ಎಚ್ಚರ ವಹಿಸಬೇಕು. ಮಗು ಬೇಕು ಅನ್ನುವವರಿಗೆ, ಗಡ್ಡೆ ಇಷ್ಟು ಚಿಕ್ಕದಿದ್ದರೆ, ಗರ್ಭ ನಿಂತದ್ದು ಗೊತ್ತಾದ ಕೂಡಲೇ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುತ್ತೇವೆ.

ಅಂಕಿ ಸರಿಬಂತು ಅಂತ ಮೂರನೇ ತಿಂಗಳಿಗೇ ಬಿಟ್ಟುಬಿಡಬೇಡಿ. ಕಡಿಮೆಯೆಂದರೂ ಎರಡು ವರ್ಷ ಬೇಕು. ಆಗ ಪ್ರೊಲ್ಯಾಕ್ಟಿನ್ ಸರಿಯಿದ್ದು, ಎಂಆರ್‌ಐನಲ್ಲಿ ಗಡ್ಡೆ ಕಾಣದಿದ್ದರೆ ನಿಧಾನವಾಗಿ ಇಳಿಸಿ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಅನೇಕರಿಗೆ ಮತ್ತೆ ಏರುತ್ತದೆ, ಅದೂ ಹೆಚ್ಚಾಗಿ ಮೊದಲ ವರ್ಷದಲ್ಲೇ. ಆ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಕೊಡಿ, ನಡುವೆ ಮುಟ್ಟು ತಪ್ಪಿದರೆ ತಾರೀಖಿಗೆ ಕಾಯದೆ ಬನ್ನಿ. ಬರುವಾಗ ಮಾತ್ರೆ ಶೀಟುಗಳನ್ನೂ ತನ್ನಿ.