ಮರ ಹೇಳಿದ ಊರು

ನಿದ್ದೆ ಬಾರದೆ ಸುಮ್ನೆ, ಉತ್ತರ ಯೂರೋಪಿನ ಕಡಲುಗಳ್ಳರಾದ ವೈಕಿಂಗರ ಹಡಗುಗಳ ಬಗ್ಗೆ ಓದುತ್ತಿದ್ದೆ. ಡೆನ್ಮಾರ್ಕಿನ ರೋಸ್ಕಿಲ್ಡ ಬಳಿ 1962ರಲ್ಲಿ ಸಮುದ್ರದ ತಳದಿಂದ ಐದು ಹಳೇ ಹಡಗು ಎತ್ತಿದರು. ಶತ್ರುಗಳು ಬರದಂತೆ ದಾರಿಗೆ ಅಡ್ಡವಾಗಿ ಮುಳುಗಿಸಿದ್ದವು. ಎರಡು ಸರಕಿನವು. ಇನ್ನೊಂದು ಸುಮಾರು 30 ಮೀಟರ್ ಉದ್ದದ ಯುದ್ಧದ ಹಡಗು. ಅಷ್ಟುದ್ದ ಇದ್ದರೂ ನೀರೊಳಗೆ ಇಳಿಯುತ್ತಿದ್ದುದು ಒಂದು ಮೀಟರಿನಷ್ಟೇ, ನದಿಗೂ ನುಗ್ಗಬಹುದಿತ್ತು.

ಅದರ ಓಕ್ ಹಲಗೆಯಲ್ಲಿ ವರ್ಷಕ್ಕೊಂದರಂತೆ ಮೂಡಿದ್ದ ಉಂಗುರಗಳನ್ನು ಬೇರೆ ಬೇರೆ ಕಡೆಯ ಮರಗಳ ಉಂಗುರಗಳ ಜೊತೆ ಹೋಲಿಸಿ ನೋಡಿದರೆ, ಮರ ಕಡಿದದ್ದು 1042ರಲ್ಲಿ, ಐರ್ಲೆಂಡಿನ ಡಬ್ಲಿನ್ ಸುತ್ತಮುತ್ತ! 841ರಲ್ಲಿ ದೋಚಲು ಬಂದ ವೈಕಿಂಗರು ಹಡಗು ನಿಲ್ಲಿಸಲು ಹಾಕಿದ್ದ ಬಿಡಾರ ಈ ಡಬ್ಲಿನ್. ಆಮೇಲೆ ಪೇಟೆಯಾಯಿತು, ಬೆಳ್ಳಿ, ಗುಲಾಮರ ವ್ಯಾಪಾರ ಜಾಸ್ತಿಯಾಯಿತು. ಇನ್ನೂರು ವರ್ಷದಲ್ಲಿ ಅಲ್ಲೇ ಹಡಗು ಕಟ್ಟುತ್ತಿದ್ದರು. ಅಷ್ಟೊತ್ತಿಗೆ ಅವರು ಯಾವೂರಿನವರು ಅಂತ ಕೇಳಿದ್ದರೆ ಏನನ್ನುತ್ತಿದ್ದರೋ!