ಒಂದು ದಿನದ ಸ್ಪೈಕ್ ಕೇಳಿದಾಗ

ಆ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಒಂದೇ ಸ್ಟೋರಿ ಹತ್ರ ನಿಂತುಬಿಟ್ಟೆವು. ಕಸ್ಟಮರ್ ಕೇರ್‌ನವರು ಫೋನ್ ನಂಬರ್ ಹಾಕಿದರೆ ಹಳೆಯ ಆರ್ಡರ್‌ಗಳೆಲ್ಲ ಸಿಗಬೇಕು, ಅಷ್ಟೇ. ಆದರೆ ಎಸ್ಟಿಮೇಟ್ ಕಾರ್ಡ್ ತಿರುಗಿಸಿದಾಗ ಒಬ್ಬರದು 3 ಪಾಯಿಂಟ್, ಇನ್ನೊಬ್ಬರದು 13. ಇಷ್ಟು ಅಂತರ ಬಂತು ಅಂದ್ರೆ ನಮಗೆ ಏನೋ ಗೊತ್ತಿಲ್ಲ ಅಂತ ಅರ್ಥ. ಸುಮ್ನೆ ಮಧ್ಯದ 8 ಹಿಡಿದು ಮುಂದೆ ಹೋಗಬಾರದು.

ನಾನು ಒಂದು ದಿನದ ಸ್ಪೈಕ್ ಕೇಳಿದೆ, ಅಂದ್ರೆ ಗೊತ್ತಿಲ್ಲದ್ದನ್ನು ಮಾಡಿ ನೋಡಿ ತಿಳಿಯಲು ಮೀಸಲಿಟ್ಟ ಸಮಯ. ಪ್ರಾಡಕ್ಟ್ ಓನರ್ ನೇರವಾಗಿ ಕೇಳಿದರು: "ಆ ದಿನ ಮುಗಿದ ಮೇಲೆ ನನಗೆ ಏನು ಸಿಗುತ್ತೆ?"

ನ್ಯಾಯವಾದ ಪ್ರಶ್ನೆ. ಉತ್ತರವನ್ನು ಕಾರ್ಡ್ ಮೇಲೇ ಬರೆದೆವು. ಆರ್ಡರ್ ಟೇಬಲ್‌ಗೆ ಇಂಡೆಕ್ಸ್ ಹಾಕಿದರೆ ಸಾಕಾ? ಸಾಕು ಅಂದ್ರೆ ಸ್ಟೋರಿ ಇದೇ ಸ್ಪ್ರಿಂಟ್‌ಗೆ. ಸಾಲದು ಅಂದ್ರೆ ಮೊದಲು ಕಳೆದ ಒಂದು ವರ್ಷದ ಆರ್ಡರ್ ಮಾತ್ರ ತೋರಿಸುವುದು. ಎರಡನೆಯದು ಅವರೇ ತೆಗೆದುಕೊಳ್ಳಬೇಕಾದ ತೀರ್ಮಾನ. ಅದು ಕಂಡ ಕೂಡಲೇ ಒಪ್ಪಿದರು.

ಲೈವ್‌ನಷ್ಟೇ ದೊಡ್ಡ ಡೇಟಾ ಇರುವ ಟೆಸ್ಟ್ ಪೋಸ್ಟ್‌ಗ್ರೆಸ್‌ನಲ್ಲಿ `EXPLAIN ANALYZE` ಓಡಿಸಿದೆವು. `Seq Scan` ಅಂತ ಬಂತು, ಅಂದ್ರೆ ಒಂದು ನಂಬರ್‌ಗಾಗಿ ಇಡೀ ಟೇಬಲ್ ಓದುತ್ತಿತ್ತು. ಇಂಡೆಕ್ಸ್ ಹಾಕಿದ ಮೇಲೆ ಹುಡುಕಾಟ ತಕ್ಷಣ ಮುಗಿಯಿತು. ಆದರೆ 13 ಹಾಕಿದವರ ಚಿಂತೆ ಬೇರೆಯೇ ಇತ್ತು. ಸಾಮಾನ್ಯ `CREATE INDEX` ಮುಗಿಯುವವರೆಗೂ ಆ ಟೇಬಲ್‌ಗೆ ಬರೆಯಲು ಬಿಡುವುದಿಲ್ಲ. ಅಷ್ಟು ಹೊತ್ತು ಹೊಸ ಆರ್ಡರ್ ನಿಂತುಹೋಗುತ್ತದೆ.

```sql
CREATE INDEX CONCURRENTLY idx_orders_phone
ON orders (phone);
```

ಹೀಗೆ ಮಾಡಿದರೆ ಬರೆಯುವುದು ನಿಲ್ಲುವುದಿಲ್ಲ, ಹೊತ್ತು ಮಾತ್ರ ಜಾಸ್ತಿ. ಆದರೆ ಇದು ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ. ನಮ್ಮ ಮೈಗ್ರೇಷನ್ ಟೂಲ್ ಎಲ್ಲವನ್ನೂ ಟ್ರಾನ್ಸಾಕ್ಷನ್‌ನಲ್ಲೇ ಓಡಿಸುತ್ತಿತ್ತು. ಮಧ್ಯೆ ಕೈಕೊಟ್ಟರೆ `INVALID` ಆದ ಇಂಡೆಕ್ಸ್ ಉಳಿಯುತ್ತದೆ, ಅದನ್ನು ತೆಗೆದು ಮತ್ತೆ ಹಾಕಬೇಕು. ಇದೆಲ್ಲ ಗೊತ್ತಾದ ಮೇಲೆ ಎಲ್ಲರೂ 5ಕ್ಕೆ ಬಂದರು. ಸ್ಪೈಕ್‌ಗೆ ಬರೆದ ಕೋಡ್ ಎಸೆದೆವು.

ಹುಡುಕುವಾಗ ಇನ್ನೊಂದು ಸಿಕ್ಕಿತು. ಆರ್ಡರ್ ಪಟ್ಟಿ, ಇನ್‌ವಾಯ್ಸ್, ತಿಂಗಳ ರಿಪೋರ್ಟ್, ಮೂರೂ ಕಡೆ ಒಂದೇ ಕ್ವೆರಿಯನ್ನು ಕಾಪಿ ಮಾಡಿದ್ದರು. ರದ್ದಾದ ಆರ್ಡರ್ ಬಿಡುವ ರೀತಿ ಒಂದೊಂದರಲ್ಲಿ ಒಂದೊಂದು ತರ. ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಸಾಲಕ್ಕೆ ಹೋಲಿಸಿ ಹೇಳಿದ್ದು ಇಂಥದ್ದನ್ನೇ: ತೀರಿಸುವವರೆಗೂ ಬಡ್ಡಿ ಕಟ್ಟುತ್ತಿರಬೇಕು.

"ರಿಫ್ಯಾಕ್ಟರಿಂಗ್‌ಗೆ ಟೈಮ್ ಕೊಡಿ" ಅಂತ ಕೇಳಲಿಲ್ಲ. ಬೋರ್ಡ್ ತೆಗೆದು, ಈ ಕೋಡ್ ಮುಟ್ಟಿದ ಹಿಂದಿನ ಸ್ಟೋರಿಗಳು ಹೇಗೆ ಮುಂದಿನ ಸ್ಪ್ರಿಂಟ್‌ಗೆ ಜಾರಿದ್ದವು ಅಂತ ಪ್ರಾಡಕ್ಟ್ ಓನರ್‌ಗೆ ತೋರಿಸಿದೆ. ಜೊತೆಗೆ ಒಂದು ಬಗ್: ರದ್ದಾದ ಆರ್ಡರ್ ಪಟ್ಟಿಯಲ್ಲಿಲ್ಲ, ಅದರ ಇನ್‌ವಾಯ್ಸ್ ಮಾತ್ರ ಹೋಗಿದೆ.

"ಅಯ್ಯೋ, ಆ ಕಂಪ್ಲೇಂಟ್ ನನಗೇ ಬಂದಿತ್ತು ಅಲ್ವಾ?" ಅಂದರು.

ಪಟ್ಟಿ, ಇನ್‌ವಾಯ್ಸ್ ಮತ್ತು ಹೊಸ ಹುಡುಕಾಟ ಒಂದೇ ಕ್ವೆರಿ ಬಳಸಲಿ, ಅದರ ಕೆಲಸ ಇದೇ ಸ್ಟೋರಿಯಲ್ಲಿ ಸೇರಲಿ ಅಂತ ಆಯಿತು. ಎಸ್ಟಿಮೇಟ್ 5ರಿಂದ 8ಕ್ಕೆ ಏರಿತು. ಜಾಗ ಮಾಡಲು ಹೋಮ್ ಪೇಜ್ ಬ್ಯಾನರ್ ಸ್ಟೋರಿಯನ್ನು ಅವರೇ ಮುಂದಿನ ಸ್ಪ್ರಿಂಟ್‌ಗೆ ತಳ್ಳಿದರು. ರಿಪೋರ್ಟ್ ಕ್ವೆರಿ ಮುಟ್ಟಲಿಲ್ಲ. ಅದನ್ನು ಸದ್ಯಕ್ಕೆ ಯಾರೂ ಬದಲಿಸುವುದಿಲ್ಲ, ಹಾಗಾಗಿ ಬಡ್ಡಿಯೂ ಬೀಳುವುದಿಲ್ಲ. "ರಿಪೋರ್ಟ್‌ಗೆ ಹೊಸ ಕಾಲಂ ಕೇಳಿದಾಗ ಮೊದಲು ಇದು" ಅಂತ ಬರೆದು ಬ್ಯಾಕ್‌ಲಾಗ್‌ಗೆ ಹಾಕಿದೆವು.