ಭಾನುವಾರ ವಾಪಸ್ ಬಂದ ಚೆಕ್

ಹಾಸನದ ಒಬ್ಬ ವಕೀಲರ ಬಳಿ ನಾನು ಗುಮಾಸ್ತ. ಚೆಕ್ ಬೌನ್ಸ್ ನೋಟಿಸ್‌ಗಳ ಕೆಲಸ ನನ್ನದು. ಚೆಕ್ ವಾಪಸ್ಸಾಗಿದೆ ಎಂದು ಬ್ಯಾಂಕ್ ಮೆಮೊ ಕೊಟ್ಟು ತಿಳಿಸಿದ ಮೇಲೆ 30 ದಿನದೊಳಗೆ ನೋಟಿಸ್ ಹೋಗಬೇಕು. ಕಲಂ 138ರ ಕೇಸು ನಿಲ್ಲುವುದು ಅದರ ಮೇಲೆಯೇ.

2025ರ ಮಾರ್ಚ್ 20ರಂದು ಒಬ್ಬ ಕಕ್ಷಿದಾರರು ವಾಪಸ್ ಬಂದ ಚೆಕ್‌ಗಳ ಪಟ್ಟಿಯನ್ನು ಸಿಎಸ್‌ವಿ ಫೈಲಿನಲ್ಲಿ ಕಳಿಸಿದರು. ಎಕ್ಸೆಲ್‌ನಲ್ಲಿ ತೆರೆದು, ಮೆಮೊ ದಿನಾಂಕಕ್ಕೆ 30 ಕೂಡಿಸಿದೆ. ಒಂದು ಸಾಲಿನಲ್ಲಿ ಕೊನೆಯ ದಿನ ಆಗಸ್ಟ್ 2 ಎಂದು ಬಂತು. ಮೆಮೊ ಜುಲೈ 3ರದ್ದಂತೆ! ಜುಲೈ ಇನ್ನೂ ಬಂದೇ ಇರಲಿಲ್ಲ.

ಮೊದಲು ಸೆಲ್‌ನ ಫಾರ್ಮ್ಯಾಟ್ ಬದಲಿಸಿ ನೋಡಿದೆ. ಅದರಿಂದ ತೋರುವ ರೀತಿ ಬದಲಾಯಿತು, ದಿನ ಬದಲಾಗಲಿಲ್ಲ. ಆಮೇಲೆ ಕಾಲಂ ಅನ್ನು ಗಮನಿಸಿದೆ. ಕೆಲವು ದಿನಾಂಕಗಳು ಸೆಲ್‌ನ ಬಲಕ್ಕೆ ಅಂಟಿದ್ದವು, ಕೆಲವು ಎಡಕ್ಕೆ. ಎಡಕ್ಕಿದ್ದವೆಲ್ಲ 25/02/2025 ತರಹದವು, ಅಂದರೆ ದಿನ 12ಕ್ಕಿಂತ ಜಾಸ್ತಿ ಇರುವವು. ಆಗ ಕಾರಣ ತಿಳಿಯಿತು. ಕಚೇರಿಯ ಹೊಸ ಕಂಪ್ಯೂಟರ್‌ನಲ್ಲಿ ಅಮೆರಿಕದ ಸೆಟ್ಟಿಂಗ್ ಇತ್ತು, ಅದು ತಿಂಗಳನ್ನು ಮೊದಲು ಓದುತ್ತದೆ. 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಬರೀ ಅಕ್ಷರ ಎಂದು ಬಿಟ್ಟಿತ್ತು. 07/03/2025 ಮಾತ್ರ ಸದ್ದಿಲ್ಲದೆ ಜುಲೈ 3 ಆಗಿತ್ತು. ನಿಜಕ್ಕೂ ಅದು ಮಾರ್ಚ್ 7, ಕೊನೆಯ ದಿನ ಏಪ್ರಿಲ್ 6. ಅದು ಭಾನುವಾರ, ಅಂಚೆಗೆ ಶನಿವಾರದೊಳಗೇ ಹಾಕಬೇಕು.

ಮುಂದೆ ಬರುವ ದಿನಾಂಕ ಕಣ್ಣಿಗೆ ಬೀಳುತ್ತದೆ. ಭಯ ಹುಟ್ಟಿಸಿದ್ದು ಇನ್ನೊಂದು ಸಾಲು. ಅದರಲ್ಲಿ ಮಾರ್ಚ್ 2 ಇತ್ತು, ಕೊನೆಯ ದಿನ ಏಪ್ರಿಲ್ 1. ನೋಡಲು ಎಲ್ಲ ಸರಿಯೇ. ಆದರೆ ಕ್ಯಾಲೆಂಡರ್ ತಿರುವಿದರೆ ಮಾರ್ಚ್ 2 ಭಾನುವಾರ. ಭಾನುವಾರ ಬ್ಯಾಂಕ್ ಮೆಮೊ ಕೊಡುತ್ತದೆಯೇ?

ಫೈಲನ್ನು ಸೇವ್ ಮಾಡದೆ ಮುಚ್ಚಿದೆ. ವಿಂಡೋಸ್‌ನ `Region` ಸೆಟ್ಟಿಂಗನ್ನು `English (India)` ಮಾಡಿ ಮತ್ತೆ ತೆರೆದೆ. ಎಲ್ಲ ದಿನಾಂಕಗಳೂ ಬಲಕ್ಕೆ ಬಂದು ನಿಂತವು. ಎಕ್ಸೆಲ್ ಫೈಲಾಗಿ ಸೇವ್ ಮಾಡಿಬಿಟ್ಟಿದ್ದರೆ ತಪ್ಪು ದಿನಾಂಕ ಫೈಲಿನಲ್ಲೇ ಉಳಿದುಬಿಡುತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಕಕ್ಷಿದಾರರಿಂದ ಮೆಮೊಗಳನ್ನೇ ತರಿಸಿ, ಒಂದೊಂದನ್ನೂ ಪಟ್ಟಿಯ ಜೊತೆ ತಾಳೆ ನೋಡಿದೆ. ಮೂಲದಲ್ಲೇ ಯಾರಾದರೂ ಉಲ್ಟಾ ಟೈಪ್ ಮಾಡಿದ್ದರೆ ಯಾವ ಸೆಟ್ಟಿಂಗೂ ಅದನ್ನು ಹಿಡಿಯುವುದಿಲ್ಲ.

ಭಾನುವಾರದ ಆ ಮೆಮೊ ಫೆಬ್ರವರಿ 3ರದ್ದು. 30 ದಿನ ಮಾರ್ಚ್ 5ಕ್ಕೇ ಮುಗಿದಿತ್ತು. ನಡುಗುತ್ತಲೇ ವಕೀಲರಿಗೆ ಹೇಳಿದೆ.

"ಚೆಕ್ ಮೇಲಿನ ದಿನಾಂಕ ಯಾವುದು ನೋಡಪ್ಪ," ಎಂದರು.

"ಜನವರಿ 30, ಸರ್."

"ಮೂರು ತಿಂಗಳು ಆಗಿಲ್ಲ. ಮತ್ತೆ ಬ್ಯಾಂಕಿಗೆ ಹಾಕಲಿ. ಮತ್ತೆ ವಾಪಸ್ ಬಂದರೆ ಆ ಮೆಮೊದಿಂದ ಹೊಸದಾಗಿ 30 ದಿನ ಸಿಗುತ್ತೆ."

ಹಾಗೇ ಆಯಿತು. ಎರಡನೇ ಮೆಮೊ ಕೈಗೆ ಬಂದ ದಿನವೇ ನೋಟಿಸ್ ಟೈಪ್ ಮಾಡಿದೆ. ಅದರಲ್ಲಿ ಪ್ರತಿ ತಿಂಗಳ ಹೆಸರನ್ನೂ ಅಕ್ಷರದಲ್ಲಿ ಬರೆದೆ.